ಇಪ್ಪತ್ತು ಸಾಲಿನೊಳಗೆ ಎರಡು ಇಂಚು ನಲವತ್ತು ಸೆಂಟು

ನಾನು ರೈಟರ್. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರಿಗಾಗಿ ಹೇಳುತ್ತೇನೆ: ಕಾಫಿ ತೋಟದಲ್ಲಿ ಹಾಜರಿ ಪುಸ್ತಕ, ಗೊಬ್ಬರದ ಲೆಕ್ಕ, ವಾರದ ಬಟವಾಡೆ ಬರೆಯುವವನನ್ನು ಇಲ್ಲಿ ರೈಟರ್ ಎನ್ನುತ್ತಾರೆ. ಮಾದಾಪುರದ ಕಡೆಯ ಒಂದು ತೋಟದಲ್ಲಿ ನನ್ನ ಅಪ್ಪ ಇದೇ ಕೆಲಸ ಮಾಡಿದರು, ಈಗ ನಾನು ಮಾಡುತ್ತಿದ್ದೇನೆ. ಕವಿತೆ ಬರೆಯುವ ಚಟ ನನ್ನದು ಮಾತ್ರ, ಅಪ್ಪನಿಗೆ ಇರಲಿಲ್ಲ.

ಜುಲೈ ಮೊದಲ ವಾರ ಜಿಲ್ಲೆಯ ಒಂದು ಬಳಗ ಕವನ ಸ್ಪರ್ಧೆಯ ಪ್ರಕಟಣೆ ಹೊರಡಿಸಿತು. ವಿಷಯ ‘ಮಳೆ ಮತ್ತು ಬದುಕು’. ಮಿತಿ 20 ಸಾಲು. ಕವನ ಸ್ವಂತದ್ದಾಗಿರಬೇಕು, ಎಲ್ಲಿಯೂ ಪ್ರಕಟವಾಗಿರಬಾರದು. ಎ4 ಹಾಳೆಯಲ್ಲಿ ಬೆರಳಚ್ಚು ಮಾಡಿಸಿರಬೇಕು. ಕವನದ ಹಾಳೆಯಲ್ಲಿ ಹೆಸರು ಇರಬಾರದು. ಹೆಸರು, ವಿಳಾಸ, ಭಾವಚಿತ್ರ, ಆಧಾರ್ ಪ್ರತಿ, ಸ್ವರಚಿತ ಎಂಬ ದೃಢೀಕರಣ ಪತ್ರ ಪ್ರತ್ಯೇಕವಾಗಿ. ಪ್ರವೇಶ ಶುಲ್ಕ 200 ರೂಪಾಯಿ. ಜುಲೈ 31ರೊಳಗೆ ತಲುಪಬೇಕು. ‘ತಲುಪಬೇಕು’ ಎಂಬ ಪದಕ್ಕೆ ನಾನು ಆಗ ಅಷ್ಟು ಗಮನ ಕೊಟ್ಟಿರಲಿಲ್ಲ. ಜುಲೈ ತಿಂಗಳಲ್ಲಿ ನಮ್ಮ ತೋಟದಿಂದ ಏನಾದರೂ ಎಲ್ಲಿಗಾದರೂ ತಲುಪುವುದೆಂದರೆ ಸಣ್ಣ ಮಾತಲ್ಲ.

ಮಳೆಯ ಬಗ್ಗೆ ಕೊಡಗಿನವನಿಗೆ 20 ಸಾಲು ಯಾವ ಲೆಕ್ಕ ಎಂದುಕೊಂಡೆ. ಅದೇ ರಾತ್ರಿ ಕುಳಿತು ಒಂದೇ ಉಸಿರಿಗೆ ಬರೆದು ಮುಗಿಸಿದೆ. ಶುರುವಿನ ಸಾಲುಗಳು ಹೀಗಿದ್ದವು:

ಮಳೆಯೇ ಮಳೆಯೇ ಇಳೆಗೆ ಇಳಿದು ಬಾ,
ಮನದ ಕೊಳೆಯ ತೊಳೆದು ಬಾ,
ಹೊಳೆಯಲಿ ಹರಿದು ಬೆಳೆಯಲಿ ನಗುತ
ಬಾಳಿಗೆ ಕಳೆಯ ತುಂಬು ಬಾ.

ಓದಿದರೆ ಕಿವಿಗೆ ಹಿತವಾಗಿತ್ತು. ಮರುದಿನ ನಿವೃತ್ತ ಕನ್ನಡ ಮೇಷ್ಟ್ರೊಬ್ಬರ ಮನೆಗೆ ತೆಗೆದುಕೊಂಡು ಹೋದೆ. ಪ್ರೌಢಶಾಲೆಯಲ್ಲಿ ನನಗೆ ಪಾಠ ಹೇಳಿದವರು. ಅವರು ಕನ್ನಡಕ ಹಾಕಿಕೊಂಡು ಓದಿ, ಹಾಳೆಯನ್ನು ಮೇಜಿನ ಮೇಲಿಟ್ಟು, ಕಾಫಿ ಬರುವ ತನಕ ಸುಮ್ಮನಿದ್ದರು. ಆಮೇಲೆ ಕೇಳಿದರು:

“ಇದರಲ್ಲಿ ನೀನು ಎಲ್ಲಿದ್ದೀಯಪ್ಪಾ?”

“ಪೂರ್ತಿ ನಾನೇ ಬರೆದದ್ದು ಸಾರ್.”

“ಬರೆದದ್ದು ನೀನು, ಬರೆಸಿದ್ದು ಪ್ರಾಸ. ಮಳೆ ಎಂದ ಕೂಡಲೆ ಇಳೆ, ಹೊಳೆ, ಬೆಳೆ, ಕೊಳೆ, ಕಳೆ, ತೊಳೆ ಎಲ್ಲ ತಾವಾಗಿಯೇ ಸಾಲು ಹಿಡಿದು ಬರುತ್ತವೆ. ನೀನು ಬಾಗಿಲು ತೆರೆದು ನಿಂತಿದ್ದೀಯ ಅಷ್ಟೆ. ಆ ಬಳಗಕ್ಕೆ ನೂರು ಕವನ ಬಂದರೆ ಎಂಬತ್ತರಲ್ಲಿ ಇದೇ ಆರು ಪದ ಇರುತ್ತವೆ.”

ನನಗೆ ಸಿಟ್ಟು ಬಂತು. ಮನೆಗೆ ಬರುವ ದಾರಿಯಲ್ಲಿ ಯೋಚಿಸಿದಾಗ ಸಿಟ್ಟು ಬಂದದ್ದು ಮೇಷ್ಟ್ರ ಮೇಲಲ್ಲ ಎಂದು ತಿಳಿಯಿತು. ‘ಬಾಳಿಗೆ ಕಳೆ’ ಎಂದು ನಾನು ಆ ದಿನದವರೆಗೆ ಯಾರ ಹತ್ತಿರವೂ ಮಾತಿನಲ್ಲಿ ಹೇಳಿದವನಲ್ಲ. ತೋಟದಲ್ಲಿ ಕಳೆ ಎಂದರೆ ಕೀಳುವ ಕಳೆ. ನನ್ನ ಬಾಯಿಂದ ಬಾರದ ಮಾತು ಪೆನ್ನಿನಿಂದ ಬಂದಿತ್ತು. ಇಂಥ ಸ್ಪರ್ಧೆಗೆ ಬರೆಯುವವರಿಗೆ ನಾನು ಹೇಳಬಹುದಾದ ಒಂದು ಉಪಾಯ ಇಲ್ಲೇ ಇದೆ: ಕೊಟ್ಟ ವಿಷಯದ ಪದಕ್ಕೆ ಪ್ರಾಸವಾಗುವ ಪದಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಎದುರಿಗೆ ಅಂಟಿಸಿಕೊಳ್ಳಿ. ಅವುಗಳಲ್ಲಿ ಯಾವುದಾದರೂ ಕವನದೊಳಗೆ ಬಂದರೆ, ಅದು ನಿಮಗೆ ಬೇಕಾಗಿ ಬಂತೋ ತಾನಾಗಿ ಬಂತೋ ಎಂದು ಕೇಳಿ. ನನ್ನ ಕೊನೆಯ ಪ್ರತಿಯಲ್ಲಿ ‘ಹೊಳೆ’ ಒಂದು ಉಳಿಯಿತು. ಅದು ನಿಜವಾದ ಹೊಳೆ, ನಮ್ಮ ತೋಟದ ಕೆಳಗೆ ಹರಿಯುವುದು.

ಹಾಗಾದರೆ ಮಳೆಯ ಬಗ್ಗೆ ನಾನು ದಿನವೂ ಬಳಸುವ ಮಾತು ಯಾವುದು? ಉತ್ತರ ಮೇಜಿನ ಮೇಲೆಯೇ ಇತ್ತು. ಬೆಳಗ್ಗೆ ಎಂಟು ಗಂಟೆಗೆ ಕಣದ ಮೂಲೆಯಲ್ಲಿರುವ ಮಳೆ ಮಾಪಕದ ಆಲಿಕೆ ಎತ್ತಿ, ಒಳಗಿನ ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ, ಪುಸ್ತಕದಲ್ಲಿ ಬರೆಯುವುದು. ಸರಕಾರದ ಲೆಕ್ಕವೆಲ್ಲ ಮಿಲಿಮೀಟರಿಗೆ ಹೋಗಿ ಎಷ್ಟು ಕಾಲವಾದರೂ ಕಾಫಿ ತೋಟಗಳಲ್ಲಿ ಮಳೆ ಬೀಳುವುದು ಇಂಚು, ಸೆಂಟುಗಳಲ್ಲೇ. ನೂರು ಸೆಂಟಿಗೆ ಒಂದು ಇಂಚು. ಎರಡು ಮನೆಯವರು ಮಳೆಗಾಲದಲ್ಲಿ ಫೋನಿನಲ್ಲಿ ಮಾತನಾಡಿದರೆ ಕ್ಷೇಮ ಸಮಾಚಾರಕ್ಕಿಂತ ಮೊದಲು “ನಿಮ್ಮಲ್ಲಿ ನಿನ್ನೆ ಎಷ್ಟು?” ಎಂಬುದೇ ಬರುತ್ತದೆ.

ಆ ಪುಸ್ತಕದ ಪಕ್ಕದಲ್ಲಿ ಕುಳಿತು ಎರಡನೆಯ ಕವನ ಬರೆದೆ. ಅದಕ್ಕೆ ಮೂರು ಸಂಜೆ ಹಿಡಿಯಿತು, ಅದರಲ್ಲಿ ಎರಡು ಸಂಜೆ ಕರೆಂಟ್ ಇರಲಿಲ್ಲ. ಮುಗಿಸಿ ಎಣಿಸಿದರೆ 34 ಸಾಲು.

ಹದಿನಾಲ್ಕು ಸಾಲು ತೆಗೆಯುವುದು ಹೇಗೆ? ಮೊದಲು ಹೊಳೆದದ್ದು ಕಳ್ಳದಾರಿ: ಎರಡೆರಡು ಸಾಲನ್ನು ಸೇರಿಸಿ ಒಂದಾಗಿ ಬರೆಯುವುದು. ಆಗ 34 ಇದ್ದದ್ದು ಸಲೀಸಾಗಿ 20ಕ್ಕೆ ಇಳಿಯುತ್ತದೆ. ಮಾಡಿಯೂ ನೋಡಿದೆ. ಗಟ್ಟಿಯಾಗಿ ಓದಿದಾಗ ಕವನ ವರದಿಯಂತೆ ಕೇಳಿಸಿತು. ನನ್ನ ಮಾತು ಗಿಡ್ಡ. ದಿನವಿಡೀ ಕಾಲಂಗಳಲ್ಲಿ ಬರೆಯುವವನ ಮಾತು ಹಾಗೇ ಇರುತ್ತದೆ. ಒಂದು ಸಂಗತಿ, ಒಂದು ನಿಲುಗಡೆ, ಮತ್ತೊಂದು ಸಂಗತಿ. ಆ ನಿಲುಗಡೆಗಳನ್ನು ಅಳಿಸಿದರೆ ಪದಗಳು ನನ್ನವಾಗಿಯೇ ಇದ್ದರೂ ಉಸಿರು ಬೇರೆ ಯಾರದೋ ಆಗುತ್ತದೆ. ಜೊತೆಗೆ ಉದ್ದ ಸಾಲುಗಳು ಅಚ್ಚಿನಲ್ಲಿ ಮುರಿಯುತ್ತವೆ. ಆ ತೊಂದರೆಯನ್ನು ಮುಂದೆ ಅನುಭವಿಸಿದೆ.

ಆದ್ದರಿಂದ ಸಾಲು ಸೇರಿಸುವುದನ್ನು ಬಿಟ್ಟು, ಸಾಲು ತೆಗೆಯಲು ಕುಳಿತೆ. ಮೊದಲು ಹೋದದ್ದು ಶುರುವಿನ ಐದು ಸಾಲು. ಅದರಲ್ಲಿ ಪುಷ್ಪಗಿರಿಯ ಮೇಲೆ ಮೋಡ ಕವಿಯುತ್ತಿತ್ತು, ಗಾಳಿ ಏಳುತ್ತಿತ್ತು, ಸಿಲ್ವರ್ ಮರಗಳು ತೂಗುತ್ತಿದ್ದವು. ಮಾತು ಶುರು ಮಾಡುವ ಮೊದಲು ಗಂಟಲು ಸರಿಮಾಡಿಕೊಳ್ಳುತ್ತೇವಲ್ಲ, ಹಾಗೆ. ಆರನೆಯ ಸಾಲು ‘ಬೆಳಗ್ಗೆ ಎಂಟಕ್ಕೆ ಆಲಿಕೆ ಎತ್ತುತ್ತೇನೆ’ ಎಂದಿತ್ತು. ಕವನ ಹುಟ್ಟಿದ್ದೇ ಅಲ್ಲಿ.

ಅನಂತರ ಕೊನೆಯ ಎರಡು ಸಾಲು. ‘ಮಳೆಯೇ ಬದುಕು, ಬದುಕೇ ಮಳೆ, ಎರಡಕ್ಕೂ ಇಲ್ಲ ಅಳತೆ’ ಎಂದು ಮುಗಿಸಿದ್ದೆ. ಇದನ್ನು ತೆಗೆಯಲು ಭಯವಾಯಿತು. ವಿಷಯವೇ ‘ಮಳೆ ಮತ್ತು ಬದುಕು’, ಆದರೆ ಈ ಎರಡು ಸಾಲು ಹೋದರೆ ಇಡೀ ಕವನದಲ್ಲಿ ‘ಬದುಕು’ ಎಂಬ ಪದವೇ ಇರುವುದಿಲ್ಲ. ವಿಷಯಕ್ಕೆ ಸಂಬಂಧವಿಲ್ಲ ಎಂದು ಪಕ್ಕಕ್ಕಿಟ್ಟರೆ? ನೆಟ್‌ವರ್ಕ್ ಸಿಗುವ ತಿರುವಿನ ತನಕ ಕೊಡೆ ಹಿಡಿದು ನಡೆದು, ಪ್ರಕಟಣೆಯಲ್ಲಿದ್ದ ಸಂಖ್ಯೆಗೆ ಫೋನ್ ಮಾಡಿ ಕೇಳಿದೆ: ವಿಷಯದ ಪದಗಳು ಕವನದಲ್ಲಿ ಬರಲೇಬೇಕೇ? ಆ ಕಡೆಯವರು ತಾಳ್ಮೆಯವರು. “ಪದ ಬೇಕಿಲ್ಲ, ವಿಷಯ ಬರಬೇಕು” ಎಂದರು. ಅದೇ ಉಸಿರಿನಲ್ಲಿ ಇನ್ನಷ್ಟು ಕೇಳಿದೆ. ಶೀರ್ಷಿಕೆ ಲೆಕ್ಕಕ್ಕಿಲ್ಲ. ಚರಣಗಳ ನಡುವಿನ ಖಾಲಿ ಜಾಗ ಲೆಕ್ಕಕ್ಕಿಲ್ಲ. ಅಡಿಟಿಪ್ಪಣಿ ಹಾಕಿದರೆ ಅದು ಸಾಲಾಗಿಯೇ ಎಣಿಕೆಯಾಗುತ್ತದೆ. ಈ ಮೂರೂ ಪ್ರಕಟಣೆಯಲ್ಲಿ ಇರಲಿಲ್ಲ. ಕೇಳಲು ನಾಚಿಕೆಪಡಬೇಡಿ, ಒಂದೊಂದು ಬಳಗದ ಎಣಿಕೆ ಒಂದೊಂದು ತರಹ.

ಅಡಿಟಿಪ್ಪಣಿಯ ಉತ್ತರ ನನಗೆ ಮುಖ್ಯವಾಗಿತ್ತು. ತೀರ್ಪುಗಾರರು ಹೊರ ಜಿಲ್ಲೆಯವರಾಗಿದ್ದರೆ ‘ಸೆಂಟು’ ಎಂದರೆ ಜಾಗದ ಅಳತೆ ಎಂದುಕೊಳ್ಳುತ್ತಾರೆ. ಟಿಪ್ಪಣಿಗೆ ಒಂದು ಸಾಲು ಕಳೆದುಕೊಳ್ಳಬೇಕು, ಇಲ್ಲವೇ ‘ಮಿಲಿಮೀಟರ್’ ಎಂದು ಬರೆಯಬೇಕು. ಮಿಲಿಮೀಟರ್ ಎಂದು ಬರೆದರೆ ನನ್ನ ಅಪ್ಪ ಆ ಕವನದಿಂದ ಎದ್ದು ಹೋಗುತ್ತಾರೆ. ಕೊನೆಗೆ ಅಪ್ಪನೇ ದಾರಿ ತೋರಿಸಿದರು: ಚಿಕ್ಕಂದಿನಲ್ಲಿ ಅವರು ನನಗೆ ಆ ಲೆಕ್ಕ ಕಲಿಸಿದ್ದನ್ನೇ, ಇದ್ದ ಒಂದು ಸಾಲಿನ ಜಾಗದಲ್ಲಿ ಬರೆದೆ. ಟಿಪ್ಪಣಿ ಕವನದೊಳಗೆ ಹೋಯಿತು, ಅಪ್ಪನೂ ಬಂದರು.

ಆಮೇಲೆ 2018ರ ಭಾಗ. ಆ ಆಗಸ್ಟಿನಲ್ಲಿ ನಮ್ಮ ಸುತ್ತಮುತ್ತ ಗುಡ್ಡಗಳು ಕುಸಿದದ್ದನ್ನು ಬಿಟ್ಟು ಇಲ್ಲಿಯವರು ಮಳೆಯ ಬಗ್ಗೆ ಬರೆಯಲಾರರು. ನಾನೂ ಬರೆದಿದ್ದೆ:

ಮನೆ ಹೋಯಿತು, ಮನೆಯ ನೆನಪು ಹೋಯಿತು,
ಒಂದೇ ರಾತ್ರಿಯಲ್ಲಿ ಊರು ಅಳಿಯಿತು,
ಪ್ರಕೃತಿ ಮುನಿದರೆ ಮನುಷ್ಯ ಎಷ್ಟರವನು?

ಮೂರನೆಯ ಸಾಲು ಶಾಲೆಯ ಪ್ರಬಂಧದ್ದು, ಅದು ಮೊದಲೇ ಹೋಯಿತು. ಮೊದಲೆರಡು ಸುಳ್ಳಲ್ಲ, ಆದರೆ ಅವನ್ನು ಯಾರು ಬೇಕಾದರೂ ಬರೆಯಬಹುದು, ಕೊಡಗನ್ನು ನೋಡದವರೂ. ನನ್ನ ಹತ್ತಿರ ಬೇರೆಯವರ ಬಳಿ ಇಲ್ಲದ ಒಂದು ವಸ್ತು ಇತ್ತು: ಆ ತಿಂಗಳ ಪುಟ. ಅದರಲ್ಲಿ ಒಂದು ದಿನದ ಚೌಕ ಖಾಲಿ ಇದೆ. ಮಾಪಕ ತುಂಬಿ ಹೊರಗೆ ಚೆಲ್ಲಿದ್ದರಿಂದ ಆ ದಿನದ ಮಳೆ ಎಷ್ಟೆಂದು ನನಗೆ ಬರೆಯಲಾಗಲಿಲ್ಲ. ಆ ಖಾಲಿ ಚೌಕವನ್ನು ಮಾತ್ರ ಉಳಿಸಿದೆ.

ಹತ್ತು ಸಾಲು ಹೋಯಿತು. ಇನ್ನು ನಾಲ್ಕು. ಹೂಮಳೆಯ ನಾಲ್ಕು ಸಾಲು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಮಾರ್ಚ್ ತಿಂಗಳಲ್ಲಿ ಹತ್ತು ಸೆಂಟು ಬಿದ್ದರೆ ಮೊಗ್ಗು ಕೆಡುತ್ತದೆ, ಒಂದು ಇಂಚು ಬಿದ್ದರೆ ವಾರ ಹತ್ತು ದಿನದಲ್ಲಿ ತೋಟವೆಲ್ಲ ಬಿಳಿ. ಅದನ್ನು ಕವನದ ನಡುವೆ ಇಟ್ಟಿದ್ದೆ. ತೆಗೆಯಲು ಎರಡು ದಿನ ಮನಸ್ಸು ಬರಲಿಲ್ಲ. ಬೇರೆ ಕಡೆ ಅರ್ಧರ್ಧ ಸಾಲು ಕೆರೆದು ನೋಡಿದೆ. ಹೆಂಡತಿ ಅಕ್ಕಿ ಆರಿಸುತ್ತಾ, “ಅದು ಹೂವಿನ ಮಳೆ, ಉಳಿದದ್ದೆಲ್ಲ ಹೆದರಿಕೆಯ ಮಳೆ. ಎರಡನ್ನೂ ಒಂದೇ ಪಾತ್ರೆಗೆ ಯಾಕೆ ಹಾಕುತ್ತೀರಿ?” ಎಂದಳು. ಸಾಲದ್ದಕ್ಕೆ ಆ ನಾಲ್ಕು ಸಾಲನ್ನು ಏಪ್ರಿಲ್‌ನಲ್ಲಿ ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿದ್ದು ನೆನಪಾಯಿತು. ‘ಸಾಮಾಜಿಕ ಜಾಲತಾಣದಲ್ಲೂ ಪ್ರಕಟವಾಗಿಲ್ಲ’ ಎಂದು ಸಹಿ ಹಾಕುವ ಪತ್ರ ಎದುರಿಗಿತ್ತು. ತೆಗೆದೆ. ಅದು ಈಗ ಬೇರೆ ಕವನವಾಗಿ ಬೆಳೆಯುತ್ತಿದೆ.

ಉಳಿದ 20 ಸಾಲು ಇವು. ಫಲಿತಾಂಶ ಬಂದು ಸಂಕಲನವೂ ಹೊರಬಂದಿರುವುದರಿಂದ ಇಲ್ಲಿ ಹಾಕುತ್ತಿದ್ದೇನೆ.

ಬೆಳಗ್ಗೆ ಎಂಟಕ್ಕೆ ಆಲಿಕೆ ಎತ್ತುತ್ತೇನೆ.
ನಿನ್ನೆಯ ಮಳೆಯೆಲ್ಲ ಒಂದು ಗಾಜಿನಲ್ಲಿ.
ಎರಡು ಇಂಚು, ನಲವತ್ತು ಸೆಂಟು.
ಬರೆಯುತ್ತೇನೆ.

ನೂರು ಸೆಂಟಿಗೆ ಒಂದಿಂಚು ಎಂದವನು ಅಪ್ಪ.
ಅವನ ಪುಸ್ತಕಕ್ಕೆ ಗೆದ್ದಲು ಹಿಡಿದಿದೆ,
ಮಳೆಯ ಕಾಲಂ ಬಿಟ್ಟು ತಿಂದಿದೆ.

ಲೈನ್ ಮನೆಯ ಒಲೆಯ ಮೇಲೆ
ಮೂರು ದಿನದ ಬಟ್ಟೆ ಇನ್ನೂ ಹಸಿ.
ಹಾಜರಿಯಲ್ಲಿ ಎಲ್ಲರಿಗೂ ಅಡ್ಡಗೆರೆ.
ಅದನ್ನೂ ಬರೆಯುತ್ತೇನೆ.

ಆ ಆಗಸ್ಟಿನ ಪುಟದಲ್ಲಿ ಒಂದು ದಿನ ಖಾಲಿ.
ಮಾಪಕ ತುಂಬಿ ಹೊರಗೆ ಚೆಲ್ಲಿತ್ತು,
ಎದುರಿನ ಗುಡ್ಡ ಹೊಳೆಗೆ ಇಳಿದಿತ್ತು.
ಎಷ್ಟೆಂದು ಬರೆಯಲಿ?

ಇಂದು ಮಗಳು ಪಕ್ಕದಲ್ಲಿ ನಿಂತು
ಗಾಜಿಗೆ ಕಣ್ಣಿಟ್ಟು ಓದುತ್ತಾಳೆ:
ಎರಡು ಇಂಚು, ನಲವತ್ತು ಸೆಂಟು.
ನೀರು ಚೆಲ್ಲುತ್ತೇನೆ.
ಆಲಿಕೆ ಇಡುತ್ತೇನೆ.

ಮೇಷ್ಟ್ರು ಇದನ್ನು ಎರಡು ಸಲ ಓದಿದರು. “ಬದುಕು ಎಲ್ಲಿ ಎಂದು ಯಾರಾದರೂ ಕೇಳಿದರೆ ಆ ಅಡ್ಡಗೆರೆ ತೋರಿಸು” ಎಂದರು. ಮಳೆ ಹೆಚ್ಚಾಗಿ ಕೆಲಸ ನಿಂತ ದಿನ ಹಾಜರಿಯಲ್ಲಿ ಹಾಕುವ ಗೆರೆ ಅದು. ಗೆರೆ ಬಿದ್ದರೆ ಆ ದಿನದ ಕೂಲಿ ಇಲ್ಲ. ಲೈನ್ ಮನೆ ಎಂದರೆ ತೋಟದ ಕಾರ್ಮಿಕರ ಸಾಲು ಮನೆ.

ಕವನ ಮುಗಿದದ್ದು ಜುಲೈ 24ಕ್ಕೆ. ಕಷ್ಟ ಮುಗಿಯಿತು ಎಂದುಕೊಂಡರೆ ಬೆರಳಚ್ಚಿನ ಅಂಗಡಿಯಲ್ಲಿ ಶುರುವಾಯಿತು. ಮೊಬೈಲಿನಲ್ಲಿ ಯೂನಿಕೋಡ್‌ನಲ್ಲಿ ಟೈಪು ಮಾಡಿಕೊಂಡು ಹೋಗಿದ್ದೆ. ಅಂಗಡಿಯ ಹುಡುಗ ಅದನ್ನು ತನ್ನ ಕಂಪ್ಯೂಟರಿನ ನುಡಿ ಅಕ್ಷರಕ್ಕೆ ಬದಲಾಯಿಸಿದ. ಅದು ಹಳೆಯ ನಮೂನೆಯ ಅಕ್ಷರ. ಬದಲಾಯಿಸುವಾಗ ಕೆಲವು ಒತ್ತಕ್ಷರಗಳು ಎಡವುತ್ತವೆ. ನಾನು ‘ಲೈನ್‌ಮನೆ’ ಎಂದು ಕೂಡಿಸಿ ಬರೆದಿದ್ದೆ, ಅದು ‘ಲೈನ್ಮನೆ’ ಎಂದು ಮಕಾರ ಒತ್ತಾಗಿ ಇಳಿದಿತ್ತು. ನಡುವೆ ಜಾಗ ಬಿಟ್ಟು ‘ಲೈನ್ ಮನೆ’ ಮಾಡಿದ ಮೇಲೆ ಸರಿಯಾಯಿತು. ಹೀಗೆ ಅರ್ಧಾಕ್ಷರದಲ್ಲಿ ನಿಲ್ಲುವ ಪದಗಳಿದ್ದರೆ ಅಚ್ಚಾದ ಹಾಳೆಯಲ್ಲಿ ಒಂದೊಂದನ್ನೂ ಬೆರಳಿಟ್ಟು ನೋಡಿ, ಪರದೆಯ ಮೇಲೆ ಕಣ್ಣು ತಪ್ಪುತ್ತದೆ.

ಅಷ್ಟರಲ್ಲಿ ಹುಡುಗ ಅಂದಕ್ಕೆಂದು ಹಾಳೆಯ ಸುತ್ತ ಹೂಬಳ್ಳಿಯ ಚೌಕಟ್ಟು ಹಾಕಿ ಅಕ್ಷರವನ್ನೂ ದಪ್ಪ ಮಾಡಿದ್ದ. ಎಣಿಸಿದರೆ 21 ಸಾಲು! ಆಗ ಅಪ್ಪನ ಸಾಲು ‘ನೂರು ಸೆಂಟು ಸೇರಿದರೆ ಒಂದು ಇಂಚು ಎಂದು ಹೇಳಿಕೊಟ್ಟವನು ಅಪ್ಪ’ ಎಂದು ಉದ್ದವಾಗಿತ್ತು. ಚೌಕಟ್ಟಿನೊಳಗೆ ಹಿಡಿಯದೆ ‘ಅಪ್ಪ’ ಮಾತ್ರ ಕೆಳಗಿನ ಸಾಲಿಗೆ ಬಿದ್ದಿದ್ದ. ತೀರ್ಪುಗಾರರು ಬೆರಳಿನಿಂದ ಎಣಿಸಿದರೆ ನನ್ನ ಕವನ ಅಲ್ಲಿಗೇ ಹೊರಗೆ. ಚೌಕಟ್ಟು ತೆಗೆಸಿದೆ. ಆದರೂ ಮುಂದೆ ಸಂಕಲನದ ಸಣ್ಣ ಪುಟದಲ್ಲಿ ಮತ್ತೆ ಮುರಿಯಬಹುದು ಎನಿಸಿ, ಅಂಗಡಿಯ ಸ್ಟೂಲಿನ ಮೇಲೆ ಕುಳಿತೇ ಸಾಲನ್ನು ಗಿಡ್ಡ ಮಾಡಿದೆ. ಈಗಿನ ರೂಪ ಹೆಚ್ಚು ನನ್ನದು. ಈ ಒಂದು ಸಾಲಿನ ಮಟ್ಟಿಗೆ ಹೂಬಳ್ಳಿಗೆ ನಾನು ಋಣಿ. ಬೆರಳಚ್ಚಿಗೆ 60 ರೂಪಾಯಿ.

ಇನ್ನೊಂದು ಎಚ್ಚರಿಕೆ. ನನ್ನ ಪರಿಚಯದ ಒಬ್ಬರು ಅದೇ ಸ್ಪರ್ಧೆಗೆ ವಚನದ ಧಾಟಿಯಲ್ಲಿ ಬರೆದು, ಕೊನೆಯ ಸಾಲಿನಲ್ಲಿ ತಮ್ಮ ಅಂಕಿತ ಹಾಕಿದ್ದರು. ಊರಿಗೆಲ್ಲ ಗೊತ್ತಿರುವ ಅಂಕಿತ. ಕವನದ ಹಾಳೆಯಲ್ಲಿ ಗುರುತು ಇದೆ ಎಂದು ಅದನ್ನು ಪಕ್ಕಕ್ಕಿಟ್ಟರು. ಕಾವ್ಯನಾಮವೂ ಹೆಸರೇ.

ಶುಲ್ಕ ಕಟ್ಟಲು ಅದೇ ನೆಟ್‌ವರ್ಕಿನ ತಿರುವಿಗೆ ಹೋಗಬೇಕಾಯಿತು. ಮೊದಲ ಸಲ ಹಣ ಖಾತೆಯಿಂದ ಹೋಯಿತು, ರಸೀದಿ ಬರಲಿಲ್ಲ. ಮರುದಿನ ಹಣ ಹಿಂದಿರುಗಿತು. ಮತ್ತೆ ಕಟ್ಟಿ, ಪರದೆಯ ಚಿತ್ರ ತೆಗೆದು, ಅದನ್ನು ಮುದ್ರಿಸಿ ಲಕೋಟೆಗೆ ಸೇರಿಸಿದೆ. ಜುಲೈ 27ಕ್ಕೆ ಸ್ಪೀಡ್ ಪೋಸ್ಟ್ ಮಾಡಲು ಹೊರಟರೆ ರಸ್ತೆಗೆ ಮರ ಬಿದ್ದು ಬಸ್ಸು ಇಲ್ಲ. 28ಕ್ಕೆ ಅಂಚೆ ಕಚೇರಿಯಲ್ಲಿ ಕರೆಂಟ್ ಇಲ್ಲದೆ ಕಂಪ್ಯೂಟರ್ ನಿಂತಿತ್ತು. 29ರ ಬೆಳಗ್ಗೆ ಪ್ಲಾಸ್ಟಿಕ್ ಚೀಲದೊಳಗೆ ಲಕೋಟೆಯನ್ನು ಸುತ್ತಿ, ಎದೆಗೆ ಒತ್ತಿಕೊಂಡು ಮಡಿಕೇರಿಗೇ ಹೋಗಿ ಕೈಯಾರೆ ಕೊಟ್ಟು ಬಂದೆ. ಅರ್ಧ ದಿನದ ರಜೆ, ಬಸ್ಸಿನ ಖರ್ಚು, ಒದ್ದೆ ಕಾಲು. ತೆಗೆದುಕೊಂಡವರಿಂದ ಸ್ವೀಕೃತಿ ಬರೆಸಿಕೊಂಡೆ. ಅವರಿಗೆ ಅದು ಅತಿ ಎನಿಸಿತೇನೋ, ರೈಟರ್‌ಗೆ ಸಹಿ ಇಲ್ಲದೆ ನಿದ್ದೆ ಬರುವುದಿಲ್ಲ.

ಆಗಸ್ಟ್ ಪೂರ್ತಿ ಸುದ್ದಿ ಇಲ್ಲ. ಸೆಪ್ಟೆಂಬರಿನ ಕೊನೆಗೆ ಫೋನ್ ಬಂತು: ಬಹುಮಾನವಿಲ್ಲ, ಸಂಕಲನಕ್ಕೆ ಮತ್ತು ವಾಚನಕ್ಕೆ ಆಯ್ಕೆ. ಆಯ್ಕೆಯಾದವರು ಸಂಕಲನದ ಎರಡು ಪ್ರತಿ ಕೊಳ್ಳಬೇಕಂತೆ, 300 ರೂಪಾಯಿ. ಇದು ಪ್ರಕಟಣೆಯಲ್ಲಿ ಇರಲಿಲ್ಲ. ನನಗೆ ಸರಿಕಾಣಲಿಲ್ಲ, ಹಾಗೆಂದು ಹೇಳಿದೆ ಕೂಡ. ಆದರೂ ಕೊಂಡೆ.

ಅಕ್ಟೋಬರಿನ ಒಂದು ಭಾನುವಾರ ಮಡಿಕೇರಿಯಲ್ಲಿ ಕಾರ್ಯಕ್ರಮ. ವೇದಿಕೆಗೆ ಹೋಗುವ ಹತ್ತು ನಿಮಿಷ ಮೊದಲು ಪುಸ್ತಕ ಕೈಗೆ ಬಂತು. ನನ್ನ ಪುಟ ತೆಗೆದೆ. ಸಾಲು ಒಂದೂ ಮುರಿದಿರಲಿಲ್ಲ. ಆದರೆ ಕರಡು ತಿದ್ದಿದವರು ಮೂರು ಕಡೆಯೂ ‘ಸೆಂಟು’ ಎಂಬುದನ್ನು ತಪ್ಪೆಂದುಕೊಂಡು ‘ಸೆಂ.ಮೀ.’ ಮಾಡಿದ್ದರು. ‘ನೂರು ಸೆಂ.ಮೀ.ಗೆ ಒಂದಿಂಚು ಎಂದವನು ಅಪ್ಪ.’ ನಲವತ್ತು ವರ್ಷ ಲೆಕ್ಕ ಬರೆದ ಮನುಷ್ಯನ ಬಾಯಿಗೆ ಆ ಮಾತು!

ಪುಸ್ತಕ ಮುಚ್ಚಿ ಬಾಯಿಪಾಠದಿಂದಲೇ ಓದಿದೆ. ಸೆಂಟು ಎಂದೇ ಓದಿದೆ, ಸ್ವಲ್ಪ ಒತ್ತಿ. ಇಳಿದು ಬಂದು ಕುರ್ಚಿಯಲ್ಲಿ ಕುಳಿತಾಗ ಹಿಂದಿನ ಸಾಲಿನಿಂದ ವಯಸ್ಸಾದ ಒಬ್ಬರು ಬಗ್ಗಿ ನನ್ನ ಭುಜ ಮುಟ್ಟಿದರು. ಕವನದ ಬಗ್ಗೆ ಏನೋ ಹೇಳುತ್ತಾರೆ ಎಂದುಕೊಂಡೆ.

“ನಿಮ್ಮ ಕಡೆ ಈ ವರ್ಷ ಒಟ್ಟು ಎಷ್ಟಾಯಿತು?”

“ತೊಂಬತ್ತೊಂದು ಇಂಚು, ಮೂವತ್ತು ಸೆಂಟು.”

“ನಮ್ಮಲ್ಲಿ ನೂರು ದಾಟಿತು” ಎಂದು ಅವರು ತೃಪ್ತಿಯಿಂದ ಹಿಂದಕ್ಕೆ ಒರಗಿದರು.